ಆರಿಸಲು ಮರೆತ ಯಂತ್ರ, ತಡವಾಗಿ ಬರೆದ ಕಾಗದ

ಧಾರವಾಡದ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಎಂದಿಟ್ಟುಕೊಳ್ಳೋಣ. ಕೋಲಾರ ಜಿಲ್ಲೆಯ ಕೆರೆಗಳಲ್ಲಿ ನೀರಿನ ಹರವು ಮೂವತ್ತು ವರ್ಷಗಳಲ್ಲಿ ಎಷ್ಟು ಕುಗ್ಗಿದೆ ಎಂದು ಉಪಗ್ರಹ ಚಿತ್ರಗಳಿಂದ ಅಳೆಯುವುದು ಆಕೆಯ ಕೆಲಸ. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಸಂಗ್ರಹ ಕ್ಲೌಡ್‌ನಲ್ಲಿ ಇರುವುದು ಅಲ್ಲಿನ ಓರೆಗಾನ್ ರಾಜ್ಯದ ಕೇಂದ್ರದಲ್ಲಿ. ಅಷ್ಟೂ ಚಿತ್ರಗಳನ್ನು ಧಾರವಾಡಕ್ಕೆ ಎಳೆದು ತರುವ ಬದಲು ಅಲ್ಲಿಯೇ ಒಂದು ಯಂತ್ರವನ್ನು ಬಾಡಿಗೆಗೆ ಹಿಡಿದರೆ ಕೆಲಸ ಬೇಗ ಮುಗಿಯುತ್ತದೆ ಎಂದು ವಿಭಾಗದ ಹಿರಿಯರೊಬ್ಬರು ಹೇಳಿಕೊಟ್ಟರು. ಸಲಹೆಯಲ್ಲಿ ತಪ್ಪೇನೂ ಇರಲಿಲ್ಲ.

ಜೂನ್ 6ರ ಬೆಳಿಗ್ಗೆ 10 ಗಂಟೆಗೆ ಆಕೆ 16 ಪ್ರೊಸೆಸರ್, 64 ಜಿಬಿ ಮೆಮೊರಿಯ ಒಂದು ಯಂತ್ರ ಹಚ್ಚಿದಳು. ಜೊತೆಗೆ 500 ಜಿಬಿಯ ಬೇರೊಂದು ಡಿಸ್ಕ್. ಕೆಲಸ ಆರು ಗಂಟೆಯಲ್ಲಿ ಮುಗಿಯಿತು. ಬೇಕಾದ ಫಲಿತಾಂಶವನ್ನು ಇಳಿಸಿಕೊಂಡಳು, `exit` ಎಂದು ಹೊಡೆದಳು, ಕಿಟಕಿ ಮುಚ್ಚಿತು, ಲ್ಯಾಪ್‌ಟಾಪ್ ಮಡಚಿದಳು. ಮನೆಯ ಕಂಪ್ಯೂಟರನ್ನು ಬಳಸಿ ಬೆಳೆದವರಿಗೆ ಅದು ಆರಿಸಿದ ಹಾಗೆಯೇ ಕಾಣುತ್ತದೆ. ನಿಜವಾಗಿ `exit` ಎಂದರೆ ಯಂತ್ರದ ಕೋಣೆಯಿಂದ ಹೊರಗೆ ಬಂದದ್ದು ಮಾತ್ರ. ಒಳಗೆ ಯಂತ್ರ ಹೊತ್ತಿಕೊಂಡೇ ಇತ್ತು.

ಮಾರನೆಯ ದಿನ ಒಮ್ಮೆ ನೋಡಿದ್ದೂ ಉಂಟು. ಆದರೆ ಕೆಲವು ಕ್ಲೌಡ್‌ಗಳ ಕಾರ್ಯಫಲಕದಲ್ಲಿ ಒಂದು ಸಲಕ್ಕೆ ಒಂದು ಪ್ರದೇಶದ ಯಂತ್ರಗಳ ಪಟ್ಟಿ ಎದುರಿಗೆ ಬರುವ ರೂಢಿ ಇದೆ. ಆಕೆಯ ಪರದೆ ಮುಂಬೈ ಪ್ರದೇಶಕ್ಕೆ ಮರಳಿತ್ತು. ಅಲ್ಲಿ ಓಡುತ್ತಿರುವ ಯಂತ್ರಗಳು ಸೊನ್ನೆ. ಸಮಾಧಾನವಾಯಿತು. ಜುಲೈ 3ರ ಬೆಳಿಗ್ಗೆ ಬಿಲ್ ಬರುವವರೆಗೂ ಆ ಸಮಾಧಾನ ಉಳಿಯಿತು.

ಈ ಪ್ರಸಂಗ ಲೆಕ್ಕಕ್ಕೆಂದು ಕಟ್ಟಿದ್ದು, ಆದರೆ ದರಗಳು ನಿಜವಾದವು. ಅಷ್ಟು ದೊಡ್ಡ ಯಂತ್ರಕ್ಕೆ ಅಮೆರಿಕದ ಕೇಂದ್ರಗಳಲ್ಲಿ ಗಂಟೆಗೆ 0.768 ಡಾಲರ್ ಸಾಮಾನ್ಯ ದರ. 27 ದಿನ ಎಂದರೆ 648 ಗಂಟೆ, ಅದಕ್ಕೆ 498 ಡಾಲರ್. ಡಿಸ್ಕಿಗೆ ತಿಂಗಳಿಗೆ ಜಿಬಿಗೆ 8 ಸೆಂಟ್‌ನಂತೆ ಸುಮಾರು 36 ಡಾಲರ್. ಯಂತ್ರಕ್ಕೆ ಕೊಟ್ಟ ಸಾರ್ವಜನಿಕ ಐಪಿ ವಿಳಾಸಕ್ಕೆ ಗಂಟೆಗೆ ಅರ್ಧ ಸೆಂಟ್‌ನಂತೆ 3 ಡಾಲರಿಗೆ ತುಸು ಹೆಚ್ಚು. ಮೇಲೆ ಶೇ. 18ರ ಜಿಎಸ್‌ಟಿ. ಡಾಲರಿಗೆ 85 ರೂಪಾಯಿ ಹಿಡಿದರೆ ಹತ್ತಿರ ಹತ್ತಿರ 54 ಸಾವಿರ ರೂಪಾಯಿ. ಆಕೆ ನಿಜಕ್ಕೂ ಕೆಲಸ ಮಾಡಿದ ಆರು ಗಂಟೆಯ ಯಂತ್ರದ ಬಾಡಿಗೆ ಐನೂರು ರೂಪಾಯಿಯನ್ನೂ ಮುಟ್ಟುವುದಿಲ್ಲ.

ಇಲ್ಲಿಂದ ಎರಡು ಪ್ರಶ್ನೆ ಏಳುತ್ತವೆ. ಈ ಹಣವನ್ನು ಬಿಡಿ ಎಂದು ಕೇಳುವುದು ನ್ಯಾಯವೇ? ಕೇಳುವುದಾದರೆ ಹೇಗೆ ಕೇಳಬೇಕು? ಎರಡನೆಯದಕ್ಕೆ ಉತ್ತರ ಮೊದಲನೆಯದರೊಳಗೇ ಇದೆ.

ಕೇಳುವುದು ತಪ್ಪು ಎನ್ನುವವರ ವಾದ ಹಗುರವಾದದ್ದಲ್ಲ. ಯಂತ್ರವನ್ನು ಬಾಡಿಗೆಗೆ ಹಿಡಿದವಳು ಆಕೆ. ಆ 27 ದಿನ ಅಷ್ಟು ಪ್ರೊಸೆಸರು, ಅಷ್ಟು ಮೆಮೊರಿ ಆಕೆಯ ಹೆಸರಿನಲ್ಲಿ ಕಾದಿರಿಸಿತ್ತು. ಕಂಪನಿ ಅದನ್ನು ಇನ್ನೊಬ್ಬರಿಗೆ ಕೊಡಲಾಗಲಿಲ್ಲ. ಛತ್ರ ಹಿಡಿದವರು ಮದುವೆ ಒಂದೇ ಗಂಟೆಯಲ್ಲಿ ಮುಗಿಯಿತು ಎಂದು ಬಾಡಿಗೆ ಕಡಿಮೆ ಮಾಡಿ ಎಂದರೆ ಯಾರು ಒಪ್ಪುತ್ತಾರೆ? ಮನೆಯ ಪಂಪ್ ಆರಿಸಲು ಮರೆತರೆ ವಿದ್ಯುತ್ ಕಚೇರಿಯೇನೂ ಬಿಲ್ ಮನ್ನಾ ಮಾಡುವುದಿಲ್ಲ. ಮರೆತವರ ಹಣ ಮರೆತವರದ್ದೇ.

ಆದರೆ ವಿದ್ಯುತ್ತಿನ ಹೋಲಿಕೆಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದು ನೋಡಬೇಕು. ಮನೆಗೆ ಮಂಜೂರಾದ ಲೋಡ್ ಎಂದು ಒಂದಿರುತ್ತದೆ. ಮೂರು ಕಿಲೋವ್ಯಾಟ್ ಮಂಜೂರಾದ ಮನೆಯಲ್ಲಿ ಇದ್ದಬದ್ದ ದೀಪ, ಗೀಸರ್, ಪಂಪ್ ಎಲ್ಲವನ್ನೂ ಹಚ್ಚಿ 27 ದಿನ ಊರಿಗೆ ಹೋದರೂ, ಆ ಲೋಡ್ ಮೀರದಿದ್ದರೆ, ಮೀಟರ್ ಎರಡು ಸಾವಿರ ಯೂನಿಟ್ ದಾಟುವುದಿಲ್ಲ. ಮರೆವಿಗೂ ಅಲ್ಲಿ ಒಂದು ಮಿತಿ ಇದೆ, ಆ ಮಿತಿಯನ್ನು ಮನೆಯವರು ಮೊದಲೇ ಬಲ್ಲರು. ಮೊಬೈಲಿನಲ್ಲಂತೂ ಇನ್ನೂ ಸರಳ: ಹಾಕಿಸಿದ ಕರೆನ್ಸಿ ಮುಗಿದರೆ ಮಾತು ನಿಲ್ಲುತ್ತದೆ. ಕ್ಲೌಡ್‌ನಲ್ಲಿಯೂ ಎಷ್ಟು ಪ್ರೊಸೆಸರ್ ಹಚ್ಚಬಹುದು ಎಂಬ ಕೋಟಾ ಇದೆ ಎನ್ನಬಹುದು. ಇದೆ. ಆದರೆ ಅದು ಎಣಿಸುವುದು ಯಂತ್ರಗಳನ್ನು, ರೂಪಾಯಿಯನ್ನಲ್ಲ. ಅನುಮತಿಯೊಳಗಿನ ಒಂದೇ ಯಂತ್ರ ವರ್ಷವಿಡೀ ಓಡಿದರೂ ಯಾವ ಕೋಟಾವೂ ಅಡ್ಡ ಬರುವುದಿಲ್ಲ.

ದಾರಿಯಲ್ಲಿ ಹೋಗುವವನಿಗೂ ಹೊತ್ತಿದ ದೀಪ ಕಾಣುತ್ತದೆ. ಓರೆಗಾನಿನ ಯಂತ್ರ ಧಾರವಾಡದಲ್ಲಿ ಯಾರಿಗೆ ಕಾಣಬೇಕು? ಮಿತಿಯೂ ಇಲ್ಲದೆ, ಕಣ್ಣಿಗೂ ಬೀಳದೆ ಬೆಳೆದ ಬಾಕಿಯಲ್ಲಿ ಮರೆತವರ ಪಾಲು ಎಷ್ಟು, ಹಾಗೆ ಮಾರಿದವರ ಪಾಲು ಎಷ್ಟು ಎಂದು ಕೇಳುವ ಹಕ್ಕು ಗಿರಾಕಿಗೆ ಇದೆ ಎಂಬುದೇ ಈ ಬರಹದ ನಿಲುವು. ಮನ್ನಾ ಎಂಬ ಪದವೇ ನಮ್ಮಲ್ಲಿ ಸ್ವಲ್ಪ ಎಡವಟ್ಟಿನದು. ಕೇಳಿದೊಡನೆ ಸಾಲ ಮನ್ನಾದ ರಾಜಕೀಯ ಕಣ್ಣೆದುರು ಬರುತ್ತದೆ. ಕ್ಲೌಡ್ ಕಂಪನಿಗಳು ತಮ್ಮ ಕಡತದಲ್ಲಿ ಇದನ್ನು ಒಂದು ಸಲದ ಹೊಂದಾಣಿಕೆ ಎನ್ನುತ್ತವೆ. ಆ ಮಾತು ಹೆಚ್ಚು ಸರಿ. ಯಾವ ಗಿರಾಕಿಗೂ ಅದು ಹಕ್ಕಾಗಿ ಬರುವುದಿಲ್ಲ, ಕೊಡುವುದು ಬಿಡುವುದು ಅವರ ವಿವೇಚನೆ. ಆದರೂ ಅದು ಭಿಕ್ಷೆಯಲ್ಲ.

ಹಾಗಾಗಿ ಕಾಗದ ಅಂಗಲಾಚುವಂತೆಯೂ ಇರಬಾರದು, ವಕೀಲರ ನೋಟಿಸಿನಂತೆಯೂ ಇರಬಾರದು. ಅದು ಒಂದು ಲೆಕ್ಕಪತ್ರ. ಎಷ್ಟು ಬಳಸಿದೆ, ಎಷ್ಟು ಬಳಸಲಿಲ್ಲ, ಅದಕ್ಕೆ ಸಾಕ್ಷಿ ಏನು, ಈಗ ಏನು ಮಾಡಿದ್ದೇನೆ ಎಂದು ಹೇಳಬೇಕು.

ಮೊದಲು ಮಾಡಬೇಕಾದ ಕೆಲಸ ಬರೆಯುವುದಲ್ಲ, ಆರಿಸುವುದು. ಬಿಲ್ ಕಂಡ ಗಾಬರಿಯಲ್ಲಿ ಕಾಗದ ಬರೆಯಲು ಕುಳಿತರೆ ಯಂತ್ರ ಇನ್ನೂ ಗಂಟೆಗೆ 65 ರೂಪಾಯಿಯಂತೆ ತಿನ್ನುತ್ತಲೇ ಇರುತ್ತದೆ. ಸಪೋರ್ಟಿನವರೂ ಮೊದಲು ಕೇಳುವುದು ಅದನ್ನೇ: ಎಲ್ಲವನ್ನೂ ತೆಗೆದಿರಾ? ಇಲ್ಲಿ ಎಲ್ಲ ಎಂಬುದಕ್ಕೆ ತೂಕ ಇದೆ. ಯಂತ್ರವನ್ನು ನಿಲ್ಲಿಸುವುದು ಬೇರೆ, ಅಳಿಸುವುದು ಬೇರೆ. ನಿಲ್ಲಿಸಿದರೆ ಯಂತ್ರದ ಬಾಡಿಗೆ ನಿಲ್ಲುತ್ತದೆ, ಡಿಸ್ಕಿನ ಬಾಡಿಗೆ ನಿಲ್ಲುವುದಿಲ್ಲ. ಅಳಿಸಿದರೂ ಸಾಮಾನ್ಯವಾಗಿ ಹೋಗುವುದು ಯಂತ್ರ ಹುಟ್ಟುವಾಗಲೇ ಜೊತೆಗೆ ಬಂದ ಮೂಲ ಡಿಸ್ಕ್; ಆಮೇಲೆ ಬೇರೆಯಾಗಿ ಜೋಡಿಸಿದ 500 ಜಿಬಿಯ ಡಿಸ್ಕ್ ಯಾರಿಗೂ ಅಂಟಿಕೊಳ್ಳದೆ ಅಲ್ಲೇ ಬಿದ್ದಿರುತ್ತದೆ. ತಿಂಗಳಿಗೆ 40 ಡಾಲರ್. ಕಾದಿರಿಸಿದ ಐಪಿ ವಿಳಾಸದ ಕಥೆಯೂ ಅದೇ, ಯಾವ ಯಂತ್ರಕ್ಕೂ ತಗುಲಿರದಿದ್ದರೂ ಗಂಟೆ ಲೆಕ್ಕ ನಡೆಯುತ್ತದೆ. ಅಳಿಸುವ ಮುನ್ನ ಡಿಸ್ಕಿನಲ್ಲಿ ಬೇಕಾದದ್ದು ಇದೆಯೇ ಎಂದು ನೋಡಿಕೊಳ್ಳಬೇಕು. ಅಳಿಸಿದ ಡಿಸ್ಕನ್ನು ಸಪೋರ್ಟಿನವರು ಮರಳಿ ತಂದುಕೊಡುವರೆಂದು ನಂಬಿ ಕೂರುವಂತಿಲ್ಲ. ಕೊನೆಗೆ ಬಿಲ್ಲಿನ ಪುಟ ತೆರೆದು, ಸೇವೆ ಮತ್ತು ಪ್ರದೇಶವಾರು ವಿಂಗಡಿಸಿ, ಬೇರೆಲ್ಲಾದರೂ ಏನಾದರೂ ಉಳಿದಿದೆಯೇ ಎಂದು ನೋಡಬೇಕು. ಯಂತ್ರಗಳ ಪಟ್ಟಿ ಪ್ರದೇಶಕ್ಕೊಂದು ಮುಖ ತೋರಿಸಬಹುದು, ಬಿಲ್ಲು ಮಾತ್ರ ಎಲ್ಲವನ್ನೂ ಒಟ್ಟಿಗೆ ಹೇಳುತ್ತದೆ.

ಆಮೇಲೆ ಸಾಕ್ಷಿ. ಯಂತ್ರದ ಪ್ರೊಸೆಸರ್ ಬಳಕೆಯ ನಕ್ಷೆಯನ್ನು ಕ್ಲೌಡ್ ತಾನೇ ಬರೆದಿಟ್ಟಿರುತ್ತದೆ. ಆಕೆಯ ಯಂತ್ರದಲ್ಲಿ ಜೂನ್ 6ರಂದು ಆರು ಗಂಟೆ ಗೆರೆ ನೆತ್ತಿಯಲ್ಲಿತ್ತು. ಆಮೇಲೆ ನೆಲಕ್ಕೆ ಬಿದ್ದು 26 ದಿನ ಅಲ್ಲೇ ಮಲಗಿತ್ತು. ಮರೆತೆ ಎಂಬ ಮಾತನ್ನು ಆ ನಕ್ಷೆಗಿಂತ ಚೆನ್ನಾಗಿ ಯಾರೂ ಹೇಳಲಾರರು. ಯಂತ್ರವನ್ನು ಅಳಿಸಿ ಕೆಲ ಹೊತ್ತಾದ ಮೇಲೆ ಅದು ಪಟ್ಟಿಯಿಂದಲೇ ಮರೆಯಾಗುವುದರಿಂದ ನಕ್ಷೆಯ ಚಿತ್ರವನ್ನೂ ಯಂತ್ರದ ಗುರುತಿನ ಸಂಖ್ಯೆಯನ್ನೂ ಅಳಿಸುವ ಮೊದಲೇ ತೆಗೆದಿಟ್ಟುಕೊಳ್ಳುವುದು ಜಾಣತನ.

ಮೂರನೆಯ ವಿಷಯ ಹಲವರು ತಪ್ಪುವಂಥದ್ದು. ಬಾಕಿ ಒಂದು ಬಿಲ್ಲಿನಲ್ಲಿಲ್ಲ. ಜೂನ್ ತಿಂಗಳ 590 ಗಂಟೆ ಈಗ ಬಂದ ಬಿಲ್ಲಿನಲ್ಲಿದೆ, ಸುಮಾರು 49 ಸಾವಿರ. ಜುಲೈ 1ರಿಂದ 3ರ ಬೆಳಗಿನ ತನಕದ 58 ಗಂಟೆ ಇನ್ನೂ ಬಾರದ ಬಿಲ್ಲಿನಲ್ಲಿ ಕಾದು ಕುಳಿತಿದೆ, ಸುಮಾರು 4,800. ಜೂನ್ ಬಿಲ್ ಬಿಡಿ ಎಂದಷ್ಟೇ ಕೇಳಿದರೆ ಅಷ್ಟೇ ಸಿಗುತ್ತದೆ. ಆಗಸ್ಟ್ ಮೊದಲ ವಾರ ಇನ್ನೊಂದು ಕಾಗದ ಬರೆಯಬೇಕಾಗುತ್ತದೆ, ಆಗ ಒಂದು ಸಲದ ಹೊಂದಾಣಿಕೆ ಆಗಿಹೋಯಿತಲ್ಲ ಎಂಬ ಉತ್ತರ ಬಂದರೆ ಆಶ್ಚರ್ಯವಿಲ್ಲ.

ಇಷ್ಟು ಕೈಯಲ್ಲಿದ್ದರೆ ಕಾಗದ ತಾನಾಗಿ ಬರುತ್ತದೆ. ಬಿಲ್ಲಿನ ವಿಚಾರದ ದೂರಿಗೆ ಹಣ ಕೊಟ್ಟು ಸಪೋರ್ಟ್ ಯೋಜನೆ ಕೊಳ್ಳಬೇಕಾಗಿಲ್ಲ. ದೊಡ್ಡ ಕ್ಲೌಡ್‌ಗಳೆಲ್ಲ ಅದನ್ನು ಉಚಿತವಾಗಿಯೇ ತೆಗೆದುಕೊಳ್ಳುತ್ತವೆ. ಕಾಗದ ಹೋಗುವುದು ಇಂಗ್ಲಿಷಿನಲ್ಲಿ. ತಿರುಳು ಹೀಗೆ:

"ನಾನು ವಿದ್ಯಾರ್ಥಿನಿ, ಇದು ನನ್ನ ಸ್ವಂತ ಖಾತೆ. ಜೂನ್ 6ರಂದು ಓರೆಗಾನ್ ಪ್ರದೇಶದಲ್ಲಿ ಒಂದು ಯಂತ್ರ ಹಚ್ಚಿ ಆರು ಗಂಟೆ ಕೆಲಸ ಮಾಡಿದೆ. ಸಂಪರ್ಕ ಕಡಿದುಕೊಂಡರೆ ಯಂತ್ರ ನಿಲ್ಲುತ್ತದೆ ಎಂದು ತಪ್ಪಾಗಿ ತಿಳಿದಿದ್ದೆ. ಜುಲೈ 3ರಂದು ಬಿಲ್ ನೋಡಿದಾಗಲೇ ಅದು ಓಡುತ್ತಿರುವುದು ಗೊತ್ತಾಯಿತು. ಮೊದಲ ದಿನದ ನಂತರ ಅದರಲ್ಲಿ ಯಾವ ಕೆಲಸವೂ ನಡೆದಿಲ್ಲ ಎಂಬುದು ಬಳಕೆಯ ನಕ್ಷೆಯಲ್ಲಿ ಕಾಣುತ್ತದೆ, ಪ್ರತಿ ಲಗತ್ತಿಸಿದ್ದೇನೆ. ಇಂದು ಯಂತ್ರ, ಡಿಸ್ಕ್ ಮತ್ತು ಐಪಿ ವಿಳಾಸ ಮೂರನ್ನೂ ತೆಗೆದಿದ್ದೇನೆ, ಉಳಿದ ಪ್ರದೇಶಗಳನ್ನೂ ನೋಡಿದ್ದೇನೆ. ತಿಂಗಳಿಗೆ ಸಾವಿರ ರೂಪಾಯಿ ದಾಟಿದರೆ ಎಚ್ಚರಿಸುವ ಬಜೆಟ್ ಇಟ್ಟಿದ್ದೇನೆ. ಜೂನ್ 6ರ ಬಳಕೆಯ ಹಣವನ್ನು ಕೊಡುತ್ತೇನೆ. ಉಳಿದ ಮೊತ್ತವನ್ನು ಜೂನ್ ಮತ್ತು ಜುಲೈ ಎರಡೂ ಬಿಲ್ಲುಗಳಲ್ಲಿ ಒಂದು ಸಲಕ್ಕೆ ಹೊಂದಾಣಿಕೆ ಮಾಡಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ."

ಇದಕ್ಕೆ ಖಾತೆಯ ಸಂಖ್ಯೆ, ಯಂತ್ರದ ಗುರುತಿನ ಸಂಖ್ಯೆ, ಬಿಲ್ಲಿನ ಸಂಖ್ಯೆ ಸೇರಿದರೆ ಸಾಕು. ಅಪ್ಪನ ಸಾಲ, ಸ್ಕಾಲರ್‌ಶಿಪ್ ಬಾರದ ಸಂಗತಿ ಬೇಡವೇ? ಒಂದು ವಾಕ್ಯ ಇದ್ದರೆ ತಪ್ಪಿಲ್ಲ. ಆದರೆ ಅತ್ತಲಿನ ಗುಮಾಸ್ತ ದಿನವಿಡೀ ಓದುವುದು ಇಂಥ ಕಾಗದಗಳನ್ನೇ. ತನ್ನ ಮೇಲಿನವರ ಒಪ್ಪಿಗೆ ಪಡೆಯಲು ಆತನಿಗೆ ಬೇಕಾದದ್ದು ಕರುಣೆಯ ಕಥೆಯಲ್ಲ, ಕಡತದಲ್ಲಿ ಬರೆಯಬಹುದಾದ ಕಾರಣ. ಬಳಸಿದ ಆರು ಗಂಟೆಯ ಹಣ ಕೊಡುತ್ತೇನೆ ಎಂಬ ಸಾಲು ಆ ಕೆಲಸವನ್ನು ಹಗುರ ಮಾಡುತ್ತದೆ.

ಬರೆಯಬಾರದ ಒಂದು ಮಾತು ಇದೆ. ಖಾತೆಗೆ ಯಾರೋ ಕನ್ನ ಹಾಕಿದ್ದಾರೆ ಎನ್ನುವುದು. ಗೆಳೆಯರು ಇದನ್ನು ಉಪಾಯವೆಂದು ಹೇಳಿಕೊಡುವುದುಂಟು. ಯಂತ್ರವನ್ನು ಯಾರ ಲಾಗಿನ್‌ನಿಂದ, ಯಾವ ವಿಳಾಸದಿಂದ, ಎಷ್ಟು ಗಂಟೆಗೆ ಹಚ್ಚಲಾಯಿತು ಎಂಬ ದಾಖಲೆ ಕಂಪನಿಯ ಬಳಿ ಇರುತ್ತದೆ. ಸುಳ್ಳು ಅಲ್ಲಿಗೇ ಸಿಕ್ಕಿಬೀಳುತ್ತದೆ, ಜೊತೆಗೆ ಭದ್ರತೆಯ ವಿಚಾರಣೆ ಬೇರೆ ಆರಂಭವಾಗಿ ಖಾತೆಯ ಕೆಲಸವೇ ನಿಲ್ಲಬಹುದು. ನಿಜಕ್ಕೂ ಕನ್ನ ಬಿದ್ದಾಗ ಗುರುತು ಬೇರೆಯೇ ಇರುತ್ತದೆ: ಕೇಳದ ಪ್ರದೇಶಗಳಲ್ಲಿ ಹತ್ತಾರು ಯಂತ್ರಗಳು ಒಮ್ಮೆಗೇ ಎದ್ದಿರುತ್ತವೆ, ಪ್ರೊಸೆಸರಿನ ಗೆರೆ ನೆತ್ತಿಯಿಂದ ಇಳಿದೇ ಇರುವುದಿಲ್ಲ.

ಉತ್ತರ ಅನುಕೂಲವಾಗಿ ಬಂದರೂ ಓದಿ ನೋಡಬೇಕು. ಹಣ ಮರಳುವುದು ಒಂದು, ಖಾತೆಗೆ ಕ್ರೆಡಿಟ್ ಜಮಾ ಆಗುವುದು ಇನ್ನೊಂದು. ಕಾರ್ಡಿನಿಂದ ಹಣ ಆಗಲೇ ಹೋಗಿದ್ದರೆ ಕ್ರೆಡಿಟ್ ಎಂಬುದು ಮುಂದಿನ ಬಿಲ್ಲುಗಳಲ್ಲಿ ಕಳೆಯುವ ಮೊತ್ತ ಮಾತ್ರ. ಮತ್ತೆ ಯಂತ್ರ ಹಚ್ಚುವ ಇರಾದೆಯೇ ಇಲ್ಲದವರಿಗೆ ಅದರಿಂದ ಲಾಭ ಕಡಿಮೆ. ಹಾಗಾದರೆ ಕಾರ್ಡಿಗೇ ಮರಳಿಸಿ ಎಂದು ಸ್ಪಷ್ಟವಾಗಿ ಕೇಳಬೇಕು. ಇಲ್ಲ ಎಂದು ಉತ್ತರ ಬಂದರೆ ಅದೇ ದೂರಿನಲ್ಲಿ ಇನ್ನೊಮ್ಮೆ ಪರಿಶೀಲಿಸಲು ಕೇಳಬಹುದು. ಹತ್ತು ಹೊಸ ದೂರು ದಾಖಲಿಸಿದರೆ ಮಾತು ಹತ್ತು ಜನರ ನಡುವೆ ಚದುರುತ್ತದೆ ಅಷ್ಟೆ.

ಇನ್ನು ವಾದದ ಗಟ್ಟಿ ಭಾಗ. ಹೊಂದಾಣಿಕೆ ಕೊಡುವಷ್ಟು ಉದಾರಿಗಳಾದ ಕಂಪನಿಗಳು ಮೊದಲೇ ಒಂದು ಮಿತಿಯನ್ನು ಏಕೆ ಇಡುವುದಿಲ್ಲ? ಸಾವಿರ ರೂಪಾಯಿ ಮುಟ್ಟಿದೊಡನೆ ಎಲ್ಲವನ್ನೂ ನಿಲ್ಲಿಸು ಎಂಬ ಒಂದು ಗುಂಡಿ?

ಅವರ ಕಡೆಯ ಕಾರಣಗಳಲ್ಲಿ ಎರಡು ನಿಜವಾದವು. ಬಳಕೆಯ ಲೆಕ್ಕ ಬಿಲ್ಲಿಗೆ ಬಂದು ಸೇರುವಾಗ ಹಲವು ಗಂಟೆ ತಡವಾಗುತ್ತದೆ. ಹಾಗಾಗಿ ಬಜೆಟ್ ಎಂದು ಅವರು ಕೊಡುವ ಸೌಲಭ್ಯ ಮಿತಿ ದಾಟುವ ಕ್ಷಣದಲ್ಲಿ ತಡೆಯುವುದಿಲ್ಲ, ದಾಟಿದ ಮೇಲೆ ಇಮೇಲ್ ಕಳಿಸುತ್ತದೆ. ಎರಡನೆಯದು ಇನ್ನೂ ಕಠಿಣ. ಯಂತ್ರವನ್ನು ನಿಲ್ಲಿಸಬಹುದು, ಆದರೆ ಡಿಸ್ಕಿನ ಬಾಡಿಗೆ ನಿಲ್ಲಬೇಕಾದರೆ ಅದರಲ್ಲಿರುವುದನ್ನು ಅಳಿಸಬೇಕು. ಹಣದ ಮಿತಿ ಮುಟ್ಟಿತು ಎಂದು ಆಸ್ಪತ್ರೆಯೊಂದರ ದಾಖಲೆಗಳನ್ನು ಅಳಿಸಿದರೆ 54 ಸಾವಿರದ ಬಿಲ್ಲಿಗಿಂತ ದೊಡ್ಡ ಅನಾಹುತವಾದೀತು.

ಈ ಕಾರಣಗಳು ದೊಡ್ಡ ಗಿರಾಕಿಗಳಿಗೆ ಸರಿ. ಕಲಿಯುವವರಿಗೆ ಸರಿಯಲ್ಲ ಎಂಬುದನ್ನು ಕಂಪನಿಗಳೇ ತೋರಿಸಿಕೊಟ್ಟಿವೆ. ಮೈಕ್ರೋಸಾಫ್ಟ್‌ನ ಅಜೂರ್‌ನಲ್ಲಿ ಉಚಿತ ಕ್ರೆಡಿಟ್ಟಿನ ಖಾತೆಗಳಿಗೆ ಖರ್ಚಿನ ಮಿತಿ ಇದೆ: ಕ್ರೆಡಿಟ್ ಮುಗಿದರೆ ಸೇವೆಗಳು ನಿಲ್ಲುತ್ತವೆ. ಅಮೆಜಾನ್ 2025ರ ಜುಲೈ 15ರಿಂದ ಹೊಸಬರಿಗೆ ತಂದ ಉಚಿತ ಯೋಜನೆಯಲ್ಲಿ ಕ್ರೆಡಿಟ್ ಮುಗಿದರೆ ಅಥವಾ ಆರು ತಿಂಗಳಾದರೆ, ಯಾವುದು ಮೊದಲೋ ಆಗ, ಖಾತೆಯೇ ಮುಚ್ಚುತ್ತದೆ, ಬಿಲ್ ಬರುವುದಿಲ್ಲ. ಅಂದರೆ ತಾಂತ್ರಿಕವಾಗಿ ಆಗದು ಎಂಬ ಮಾತು ನಿಲ್ಲುವುದಿಲ್ಲ. ಆದರೆ ಆ ಉಚಿತ ಯೋಜನೆಯಲ್ಲಿ ಸಿಗುವುದು ಸಣ್ಣ ಯಂತ್ರಗಳು. ನಮ್ಮ ವಿದ್ಯಾರ್ಥಿನಿಗೆ ಬೇಕಾದ 16 ಪ್ರೊಸೆಸರಿನದು ಅದರಲ್ಲಿ ಸಿಗದು. ಒಂದು ಪೈಸೆಯನ್ನೂ ಕೊಡದವರಿಗೆ ಮಿತಿ ಇದೆ. ಐನೂರು ರೂಪಾಯಿ ಕೊಡಲು ಸಿದ್ಧರಿರುವವರಿಗೆ ಇಲ್ಲ!

ಕಾಗದಗಳಿಂದ ಏನಾಗುತ್ತದೆ ಎಂಬುದಕ್ಕೆ 2024ರ ಒಂದು ಪ್ರಸಂಗ ಸಾಕ್ಷಿ. ಒಬ್ಬ ಎಂಜಿನಿಯರ್ ಅಮೆಜಾನ್‌ನಲ್ಲಿ ಖಾಲಿ ಸಂಗ್ರಹವೊಂದನ್ನು ತೆರೆದಿದ್ದ, ಖಾಸಗಿಯಾಗಿ. ಅದರ ಹೆಸರು ಬೇರೊಂದು ಸಾಫ್ಟ್‌ವೇರಿನಲ್ಲಿ ಮಾದರಿಯಾಗಿ ಬರೆದಿಟ್ಟ ಹೆಸರಿಗೆ ಸರಿಹೊಂದಿಬಿಟ್ಟಿತ್ತು. ಯಾರು ಯಾರೋ ಕಳಿಸಿದ ಹತ್ತು ಕೋಟಿಯಷ್ಟು ಕೋರಿಕೆಗಳು ಒಂದು ದಿನದಲ್ಲಿ ಬಂದು ಬಡಿದವು. ಒಂದಕ್ಕೂ ಅನುಮತಿ ಇರಲಿಲ್ಲ, ಆದರೂ ತಿರಸ್ಕರಿಸಿದ್ದಕ್ಕೇ ಬಿಲ್ ಬೆಳೆದು 1,300 ಡಾಲರ್ ದಾಟಿತು. ಆತ ಬರೆದ, ಕಂಪನಿ ಆ ಬಿಲ್ಲನ್ನು ವಿನಾಯಿತಿಯೆಂದು ಬಿಟ್ಟಿತು. ಅಷ್ಟಕ್ಕೇ ಮುಗಿದಿದ್ದರೆ ಅದು ಒಬ್ಬನ ಅದೃಷ್ಟವಾಗುತ್ತಿತ್ತು. ಆತ ಅದನ್ನು ಸಾರ್ವಜನಿಕವಾಗಿ ವಿವರಿಸಿದ. ಕೆಲವೇ ವಾರಗಳಲ್ಲಿ, ಮೇ ತಿಂಗಳಲ್ಲಿ, ಹೊರಗಿನವರ ಅನುಮತಿಯಿಲ್ಲದ ಇಂಥ ಕೋರಿಕೆಗಳಿಗೆ ಖಾತೆದಾರರಿಂದ ಹಣ ಪಡೆಯುವುದಿಲ್ಲ ಎಂದು ಕಂಪನಿ ನಿಯಮವನ್ನೇ ಬದಲಿಸಿತು. ಅಲ್ಲಿ ಗಿರಾಕಿಯ ತಪ್ಪು ಇರಲಿಲ್ಲ, ಮರೆತ ಯಂತ್ರದಲ್ಲಿ ಇದೆ, ಎಂಬ ವ್ಯತ್ಯಾಸ ಸಣ್ಣದಲ್ಲ. ಆದರೂ ಒಬ್ಬರಿಗೆ ಬಿಟ್ಟ ಹಣ ಎಲ್ಲರ ನಿಯಮವಾಗಬಲ್ಲದು ಎಂಬುದು ಅಲ್ಲಿ ಕಂಡಿತು. ಕೇಳಿದವರಿಗಷ್ಟೇ ದಯೆ ಎಂಬ ಪದ್ಧತಿಯಲ್ಲಿ ಇಂಗ್ಲಿಷಿನಲ್ಲಿ ಬರೆಯಲು ಅಳುಕುವವರು, ಕೇಳಬಹುದು ಎಂಬುದೇ ಗೊತ್ತಿಲ್ಲದವರು ಸುಮ್ಮನೆ ಹಣ ಕಟ್ಟಿ ಹೋಗುತ್ತಾರೆ. ದಯೆಗಿಂತ ಮಿತಿ ಬೇಕು ಎನ್ನುವುದು ಇದಕ್ಕಾಗಿ.

ಆ ಮಿತಿ ಬರುವವರೆಗೆ ಗಿರಾಕಿಯ ಕೈಯಲ್ಲಿರುವುದು ಸಣ್ಣ ಉಪಾಯಗಳು. ಆಕೆ ಸಾವಿರ ರೂಪಾಯಿಯ ಬಜೆಟ್ ಎಚ್ಚರಿಕೆ ಇಟ್ಟಿದ್ದರೆ, ಯಂತ್ರವೊಂದೇ ದಿನಕ್ಕೆ 1,500 ರೂಪಾಯಿ ಮೀರಿ ತಿನ್ನುತ್ತಿದ್ದುದರಿಂದ, ಇಮೇಲ್ ಒಂದೆರಡು ದಿನದಲ್ಲಿ ಬರುತ್ತಿತ್ತು. ಬಾಕಿ 54 ಸಾವಿರದ ಬದಲು ಮೂರು ನಾಲ್ಕು ಸಾವಿರಕ್ಕೆ ನಿಲ್ಲುತ್ತಿತ್ತು. ಇನ್ನೂ ಸರಳವಾದದ್ದು ಯಂತ್ರ ಹಚ್ಚಿದೊಡನೆ ಮೊದಲು ಹೊಡೆಯಬಹುದಾದ ಈ ಒಂದು ಸಾಲು:

```
sudo shutdown -h +360
```

360 ನಿಮಿಷ, ಅಂದರೆ ಆರು ಗಂಟೆಯಾದ ಮೇಲೆ ಯಂತ್ರ ತಾನೇ ಆರುತ್ತದೆ. ಕೆಲಸ ಮುಗಿಯದಿದ್ದರೆ `sudo shutdown -c` ಎಂದು ರದ್ದು ಮಾಡಿ ಮತ್ತೆ ಹೊತ್ತು ಇಟ್ಟರಾಯಿತು. ಅಮೆಜಾನ್‌ನಲ್ಲಿ ಹೀಗೆ ಒಳಗಿನಿಂದ ಆರಿದ ಯಂತ್ರದ ಬಾಡಿಗೆ ನಿಲ್ಲುತ್ತದೆ, ಡಿಸ್ಕಿನದು ಮಾತ್ರ ಉಳಿಯುತ್ತದೆ. ಅಜೂರ್‌ನಲ್ಲಿ ಹಾಗಲ್ಲ: ಒಳಗಿನಿಂದ ಆರಿಸಿದ ಯಂತ್ರ ಆರಿದಂತೆ ಕಂಡರೂ ಕಾದಿರಿಸಿದ ಜಾಗ ಬಿಟ್ಟುಕೊಡುವವರೆಗೆ ಬಾಡಿಗೆ ನಡೆಯುತ್ತದೆ. ಅಲ್ಲಿ ಹೊರಗಿನ ಕಾರ್ಯಫಲಕದಿಂದಲೇ ನಿಲ್ಲಿಸಬೇಕು, ಅಥವಾ ಅಲ್ಲೇ ಇರುವ ದಿನನಿತ್ಯದ ಸ್ವಯಂ ನಿಲುಗಡೆಯ ಸಮಯ ಇಡಬೇಕು.

ಕ್ಲೌಡ್ ಕಲಿಸುವ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಮೊದಲ ಪಾಠದಲ್ಲಿ ಯಂತ್ರ ಹಚ್ಚುವುದನ್ನು ತೋರಿಸಿ, ಆರಿಸುವುದನ್ನು ಮೂರನೆಯ ಪಾಠಕ್ಕೆ ಬಿಡುವ ರೂಢಿಯನ್ನು ಕೈಬಿಡಿ. ಬಜೆಟ್ ಎಚ್ಚರಿಕೆ ಇಟ್ಟು, ಯಂತ್ರ ಹಚ್ಚಿ, ಆರಿಸಿ, ಡಿಸ್ಕ್ ಅಳಿಸಿ, ಬಿಲ್ಲಿನ ಪುಟದಲ್ಲಿ ಪ್ರದೇಶವಾರು ಸೊನ್ನೆ ಕಂಡ ಮೇಲೆಯೇ ಆ ದಿನದ ತರಗತಿ ಬಿಡಿ.